ನೌಕರಿ ಹುಡುಕ್ತಿಲ್ಲ, ಆದರೆ ಮೆಸೇಜ್ ಬಂದಿದೆ: ಏನಂತ ಉತ್ತರಿಸೋದು?

ಇವರನ್ನು ಮಹಾಂತೇಶ ಅಂತ ಕರೆಯೋಣ. ಹೆಸರು, ಕೆಲವು ವಿವರ ಬದಲಿಸಿದ್ದೇನೆ. ವಯಸ್ಸು ಮೂವತ್ತರ ಆಸುಪಾಸು, ಹುಬ್ಬಳ್ಳಿ ಗೋಕುಲ ರೋಡಿನ ಒಂದು ವಾಲ್ವ್ ಕಾರ್ಖಾನೆಯಲ್ಲಿ ಕ್ವಾಲಿಟಿ ಎಂಜಿನಿಯರ್. ಮನೆ ಧಾರವಾಡದಲ್ಲಿ, ಸ್ವಂತದ್ದು. ಹೆಂಡತಿ ಅಲ್ಲೇ ಒಂದು ಖಾಸಗಿ ಶಾಲೆಯಲ್ಲಿ ಟೀಚರ್. ದಿನಾ ಚಿಗರಿ ಬಸ್ಸಿನಲ್ಲಿ ಹೊಸೂರು ಸರ್ಕಲ್‌ವರೆಗೆ ಬಂದು ಅಲ್ಲಿಂದ ಕಾರ್ಖಾನೆಗೆ ಹೋಗುತ್ತಾರೆ. ಕೆಲಸದ ಬಗ್ಗೆ ದೊಡ್ಡ ದೂರೇನಿಲ್ಲ. ಹೊಸ ನೌಕರಿ ಹುಡುಕುತ್ತಲೂ ಇರಲಿಲ್ಲ.

ಹೀಗಿರುವಾಗ ಲಿಂಕ್ಡ್‌ಇನ್‌ನಲ್ಲಿ ಪುಣೆಯ ಒಬ್ಬ ರಿಕ್ರೂಟರ್ ಮೆಸೇಜ್ ಹಾಕಿದರು. ಸಪ್ಲೈಯರ್ ಕ್ವಾಲಿಟಿ ಎಂಜಿನಿಯರ್ ಜಾಗ ಖಾಲಿ ಇದೆ, ವಾಲ್ವ್ ಕಾಸ್ಟಿಂಗ್ ಅನುಭವ ಬೇಕು, ನಿಮ್ಮ ಸಿವಿ, ಈಗಿನ ಸಿಟಿಸಿ, ನಿರೀಕ್ಷೆಯ ಸಿಟಿಸಿ, ನೋಟಿಸ್ ಪೀರಿಯಡ್ ಕಳಿಸಿ ಅಂತ. ಮಹಾಂತೇಶ ಅದನ್ನು ಎಷ್ಟೋ ಸಲ ಓದಿದರು, ಉತ್ತರ ಬರೆಯಲಿಲ್ಲ. ರಾತ್ರಿ ಮಲಗುವಾಗ ಅದೇ ಯೋಚನೆ. ಸಲಹೆ ಕೇಳಲು ನನ್ನ ಹತ್ತಿರ ಬಂದಾಗ ಅವರ ಮಾತು ಹೀಗಿತ್ತು: "ಹೂಂ ಅಂದ್ರ ಸಿಕ್ಕಿಬೀಳ್ತೀನ್ರೀ ಮೇಡಂ, ಒಲ್ಲೆ ಅಂದ್ರ ಮುಂದ ಯಾರೂ ಕೇಳಂಗಿಲ್ಲ. ಕನ್ಯಾ ನೋಡಾಕ ಹೋಗಿ ಅವಲಕ್ಕಿ ತಿಂದ ಮ್ಯಾಲ ಬ್ಯಾಡ ಅನ್ನೋದು ಹ್ಯಾಂಗ್ರಿ?"

ಈ ಮಾತಿನಲ್ಲೇ ಇಡೀ ಸಮಸ್ಯೆ ಇದೆ ಅನ್ನಿಸಿತು. ಉತ್ತರ ಕೊಟ್ಟರೆ ಒಪ್ಪಿಕೊಂಡಂತೆ ಅಂತ ಅವರು ನಂಬಿದ್ದರು. ಜೊತೆಗೆ ಇನ್ನೊಂದು ಭಯ. ಗೋಕುಲ ರೋಡಿನಲ್ಲಿ ವಾಲ್ವ್ ಕೆಲಸದವರು ಒಬ್ಬರಿಗೊಬ್ಬರು ಪರಿಚಯ, ಒಂದು ಕಡೆ ಸಿವಿ ಹೋದರೆ ಸಂಜೆಯೊಳಗೆ ಮಾಲೀಕರ ಕಿವಿಗೆ ಬಿದ್ದಿರುತ್ತದೆ. ಮಾಲೀಕರು ಅವರ ತಂದೆಯ ಆಪರೇಷನ್ ಟೈಮಲ್ಲಿ ಅಡ್ವಾನ್ಸ್ ಕೊಟ್ಟವರು, ಅದೂ ಮನಸ್ಸಿನಲ್ಲಿತ್ತು.

ಮೊದಲು ನಾನು ರಿಕ್ರೂಟರ್ ಕಡೆಯಿಂದ ಈ ಮೆಸೇಜ್ ಹೇಗೆ ಕಾಣುತ್ತದೆ ಅಂತ ಹೇಳಿದೆ. ಅದು ಗೊತ್ತಾದರೆ ಅರ್ಧ ಭಾರ ಇಳಿಯುತ್ತದೆ. ಒಂದು ಜಾಗಕ್ಕೆ ಅವರು ಬಹಳ ಜನರಿಗೆ ಬರೆದಿರುತ್ತಾರೆ, ಹೆಚ್ಚಿನವರು ಉತ್ತರಿಸುವುದೇ ಇಲ್ಲ ಅಂತ ಅವರಿಗೂ ಗೊತ್ತು. ಇವರಿಗೆ ಬಂದದ್ದು ಇನ್‌ಮೇಲ್, ಅಂದರೆ ರಿಕ್ರೂಟರ್ ಒಂದು ಕ್ರೆಡಿಟ್ ಖರ್ಚು ಮಾಡಿ ಕಳಿಸಿದ್ದು. 90 ದಿನದೊಳಗೆ ಉತ್ತರ ಬಂದರೆ ಆ ಕ್ರೆಡಿಟ್ ಅವರಿಗೆ ವಾಪಸ್ ಸಿಗುತ್ತದೆ, ಉತ್ತರ "ಬೇಡ" ಅಂತಿದ್ದರೂ ಸರಿ. ಹಾಗಾಗಿ ಬೇಡ ಅಂದರೆ ಅವರಿಗೆ ನಷ್ಟವಿಲ್ಲ, ಬೇಜಾರೂ ಇಲ್ಲ. ಸುಮ್ನೆ ಕೂತರೇನೇ ಕ್ರೆಡಿಟ್ ಹೋಗುವುದು.

ಈ ರಿಕ್ರೂಟರ್ ಕಂಪನಿಯವರಲ್ಲ, ಕನ್ಸಲ್ಟೆನ್ಸಿಯವರು. ಪ್ರೊಫೈಲ್ ನೋಡಿದರೆ ಅದು ತಿಳಿಯುತ್ತದೆ. ಅಭ್ಯರ್ಥಿ ಸೇರಿಕೊಂಡ ಮೇಲೆ ಕಂಪನಿ ಅವರಿಗೆ ಫೀಸು ಕೊಡುತ್ತದೆ, ಸಾಮಾನ್ಯವಾಗಿ ವರ್ಷದ ಸಿಟಿಸಿಯ 8.33 ಶೇಕಡಾ, ಅಂದರೆ ಒಂದು ತಿಂಗಳ ಸಂಬಳದಷ್ಟು. ಅಭ್ಯರ್ಥಿಯಿಂದ ರಿಜಿಸ್ಟ್ರೇಷನ್ ಅಂತ ಒಂದು ರೂಪಾಯಿ ಕೇಳಿದರೂ ಮಾತು ಅಲ್ಲಿಗೇ ಬಿಡಬೇಕು. ಈ ಹಂತದಲ್ಲಿ ಆಧಾರ್, ಪ್ಯಾನ್ ಕೇಳಿದರೂ ಅಷ್ಟೇ. ಇಲ್ಲಿ ಅಂಥದ್ದೇನೂ ಇರಲಿಲ್ಲ. ಮೆಸೇಜಿನಲ್ಲಿ ಕಾಸ್ಟಿಂಗ್ ಅಂತ ಸ್ಪಷ್ಟವಾಗಿತ್ತು, ಇವರ ಪ್ರೊಫೈಲ್ ಓದಿಯೇ ಬರೆದದ್ದು ಅಂತ ಗೊತ್ತಾಗುತ್ತಿತ್ತು. "ಡಿಯರ್ ಕ್ಯಾಂಡಿಡೇಟ್, ಅರ್ಜೆಂಟ್, ಇಮಿಡಿಯೇಟ್ ಜಾಯ್ನರ್" ಅಂತಷ್ಟೇ ಇದ್ದಿದ್ದರೆ ಉತ್ತರಿಸದೆ ಬಿಡಿ ಅಂತಲೇ ಹೇಳುತ್ತಿದ್ದೆ.

ಆಮೇಲೆ ಕೇಳಿದೆ, "ಎಷ್ಟು ಕೊಟ್ಟರೆ ಹೋಗ್ತೀರಿ?" ಅವರು ಯೋಚಿಸದೆ "ಮೂವತ್ತು ಪರ್ಸೆಂಟ್ ಹೈಕ್ ರೀ" ಅಂದರು. ಎಲ್ಲರೂ ಹೇಳುವ ಅಂಕಿ ಅದು. ಹುಡುಕಿಕೊಂಡು ಹೋಗುವವರಿಗೆ ಇರಲಿ, ಇದ್ದಲ್ಲೇ ಚೆನ್ನಾಗಿರುವವರಿಗೆ ಈ ಅಂಕಿಯಿಂದ ಏನೂ ತಿಳಿಯುವುದಿಲ್ಲ. ಇಬ್ಬರೂ ಕೂತು ಕಾಗದದ ಮೇಲೆ ಬರೆದೆವು.

ಈಗಿನ ಸಿಟಿಸಿ 8.4 ಲಕ್ಷ. ಮೂವತ್ತು ಪರ್ಸೆಂಟ್ ಸೇರಿದರೆ ಸುಮಾರು 10.9 ಲಕ್ಷ, ತಿಂಗಳಿಗೆ 21,000 ಜಾಸ್ತಿ. ಅದರಲ್ಲೂ ಪಿಎಫ್ ಹೋಗುತ್ತದೆ, ಅದನ್ನು ಲೆಕ್ಕಕ್ಕೆ ಹಿಡಿಯಲಿಲ್ಲ. ಪುಣೆಗೆ ಹೋದರೆ ಬಾಡಿಗೆ 20,000 ಇಟ್ಟುಕೊಂಡೆವು, ಈಗ ಸ್ವಂತ ಮನೆ ಇರುವುದರಿಂದ ಅದು ಸೊನ್ನೆ. ಊರಿಗೆ ಬಂದು ಹೋಗುವ ಖರ್ಚು 5,000. ಹೆಂಡತಿಯ ಸಂಬಳ 24,000, ಅದು ನಿಲ್ಲುತ್ತದೆ. ಒಟ್ಟು 49,000. ಅಂದರೆ ಮೂವತ್ತು ಪರ್ಸೆಂಟ್ ಹೈಕ್ ತೆಗೆದುಕೊಂಡು ಹೋದರೆ ಮನೆಗೆ ತಿಂಗಳಿಗೆ 28,000 ಕಡಿಮೆ! ಸರಿ, ಹೆಂಡತಿಗೆ ಅಲ್ಲಿ ಅಷ್ಟೇ ಸಂಬಳದ ಕೆಲಸ ಸಿಕ್ಕಿತು ಅಂತಲೇ ಇಟ್ಟುಕೊಳ್ಳಿ, ಆಗಲೂ 4,000 ಕೈಯಿಂದ ಹೋಗುತ್ತದೆ. ಮಹಾಂತೇಶ ಸ್ವಲ್ಪ ಹೊತ್ತು ಕಾಗದ ನೋಡುತ್ತಾ ಕೂತರು. "ಆಕಿ ಪಗಾರ ಲೆಕ್ಕಕ್ಕ ಹಿಡಿದೇ ಇರಲಿಲ್ರೀ" ಅಂದರು. ಹೆಚ್ಚಿನ ಗಂಡಸರು ಹಿಡಿಯುವುದಿಲ್ಲ, ಇದನ್ನು ನಾನು ಮತ್ತೆ ಮತ್ತೆ ನೋಡಿದ್ದೇನೆ.

ಸಮಸಮ ಆಗಬೇಕಾದರೂ ವರ್ಷಕ್ಕೆ ಸುಮಾರು 6 ಲಕ್ಷ ಸೇರಬೇಕು, ಅಂದರೆ 14.4. ಹೊಸ ತೆರಿಗೆ ಪದ್ಧತಿಯಲ್ಲಿ 2025-26ರಿಂದ ಸಂಬಳದಾರರಿಗೆ 12.75 ಲಕ್ಷದವರೆಗೆ ತೆರಿಗೆ ಬೀಳುವುದಿಲ್ಲ, ಅದನ್ನು ದಾಟಿದರೆ ಬೀಳುತ್ತದೆ. ಅದನ್ನೂ ಸೇರಿಸಿ ಪುಣೆಗೆ 16 ಲಕ್ಷ ಅಂತ ನಿಗದಿ ಮಾಡಿದರು. ಬೆಳಗಾವಿ ಆದರೆ ಮನೆ ಬಿಡಬೇಕಿಲ್ಲ, ಹೆಂಡತಿಯ ಕೆಲಸವೂ ಉಳಿಯುತ್ತದೆ, ಅಲ್ಲಿಗೆ 11 ಸಾಕು. ಈ ಎರಡು ಅಂಕಿ ಸಿಕ್ಕ ಮೇಲೆ ಉತ್ತರ ಬರೆಯುವುದು ಕಷ್ಟ ಅನ್ನಿಸಲೇ ಇಲ್ಲ.

ಅವರು ಮೊದಲೇ ಒಂದು ಕರಡು ಬರೆದಿದ್ದರು. ಒಂದು ಪುಟ ಉದ್ದ. ತಡವಾಗಿದ್ದಕ್ಕೆ ಕ್ಷಮೆ, ಈಗಿನ ಕಂಪನಿ ಎಷ್ಟು ಒಳ್ಳೆಯದು, ತಂದೆಯ ಆರೋಗ್ಯ, ಕೊನೆಗೆ "ಆದರೂ ಒಳ್ಳೆಯ ಅವಕಾಶ ಇದ್ದರೆ ಯೋಚಿಸುತ್ತೇನೆ". ಅದನ್ನು ಕೆಳಗಿಟ್ಟು ಹೀಗೆ ಬರೆದೆವು. ಕಳಿಸಿದ್ದು ಇಂಗ್ಲಿಷಿನಲ್ಲಿ, ಇಲ್ಲಿ ಕನ್ನಡದಲ್ಲಿ ಕೊಡುತ್ತೇನೆ:

"ನಮಸ್ಕಾರ, ಮೆಸೇಜಿಗೆ ಥ್ಯಾಂಕ್ಸ್. ನಾನು ಸದ್ಯ ಕೆಲಸ ಹುಡುಕುತ್ತಿಲ್ಲ, ಆದರೆ ಸರಿಹೊಂದುವ ಜಾಗ ಇದ್ದರೆ ಕೇಳಲು ಅಡ್ಡಿಯಿಲ್ಲ. ಕಂಪನಿ ಯಾವುದು, ಕೆಲಸ ಪುಣೆಯಲ್ಲಿ ಎಲ್ಲಿ, ತಿಂಗಳಿಗೆ ಎಷ್ಟು ದಿನ ಸಪ್ಲೈಯರ್ ಕಡೆ ಓಡಾಟ, ಸಂಬಳದ ಮಿತಿ ಎಷ್ಟರಿಂದ ಎಷ್ಟು ಅಂತ ತಿಳಿಸಿ. ಪುಣೆಗೆ ಬರಬೇಕಾದರೆ 16 ಲಕ್ಷದ ಕೆಳಗೆ ನನಗೆ ಆಗುವುದಿಲ್ಲ. ನೋಟಿಸ್ 60 ದಿನ. ಹೊಂದಿಕೆಯಾಗುತ್ತದೆ ಅನ್ನಿಸಿದರೆ ಸಿವಿ ಕಳಿಸುತ್ತೇನೆ."

ಇಷ್ಟೇ. ಈಗಿನ ಸಿಟಿಸಿ ಇದರಲ್ಲಿ ಇಲ್ಲ, ಬೇಕಂತಲೇ ಬಿಟ್ಟಿದ್ದು. ಅದನ್ನು ಹೇಳಿದ ಕೂಡಲೇ ಮಾತು ಅದರ ಮೇಲೆ ಎಷ್ಟು ಪರ್ಸೆಂಟ್ ಅನ್ನುವ ಕಡೆ ತಿರುಗುತ್ತದೆ, ಪುಣೆಯ ಬಾಡಿಗೆಯ ಲೆಕ್ಕ ಅಲ್ಲಿ ಯಾರೂ ಕೇಳುವುದಿಲ್ಲ. ಕೆಲಸ ಇಲ್ಲದವರಿಗೆ ಇಷ್ಟು ಬಿಗಿಯಾಗಿ ಇರಲು ಆಗುವುದಿಲ್ಲ, ಅವರಿಗೆ ನಾನು ಈ ಸಲಹೆ ಕೊಡುವುದೂ ಇಲ್ಲ. ಮಹಾಂತೇಶರಿಗೆ ತಿಂಗಳ ಸಂಬಳ ಬರುತ್ತಿದೆ, ಕಾಯಬಹುದು. ಆ ಅನುಕೂಲ ಬಳಸಿಕೊಳ್ಳಬೇಕು.

ಮರುದಿನ ಉತ್ತರ ಬಂತು: ಕ್ಲೈಂಟ್ ಹೆಸರು ಈಗ ಹೇಳಲಾಗದು, ಮೊದಲು ಸಿವಿ ಕಳಿಸಿ. ಇವರು ಮತ್ತೆ ಗಾಬರಿಯಾಗಿ ಫೋನ್ ಮಾಡಿದರು, "ಮೋಸದ್ದೇನ್ರಿ?" ಅಂತ. ಮೋಸ ಆಗಿರಬೇಕಿಲ್ಲ. ಹೆಸರು ಹೇಳಿದರೆ ಅಭ್ಯರ್ಥಿ ನೇರವಾಗಿ ಕಂಪನಿಗೆ ಅರ್ಜಿ ಹಾಕಬಹುದು, ಕನ್ಸಲ್ಟೆನ್ಸಿಯ ಫೀಸು ಹೋಗುತ್ತದೆ, ಅದಕ್ಕೇ ಮುಚ್ಚಿಡುತ್ತಾರೆ. ಆದರೆ ಹೆಸರು ಗೊತ್ತಿಲ್ಲದೆ ಸಿವಿ ಕೊಟ್ಟರೆ ಇವರಿಗೆ ಎರಡು ಅಪಾಯ. ಒಂದು, ಅದು ಇವರ ಮಾಲೀಕರ ಗೆಳೆಯರ ಅಥವಾ ಗ್ರಾಹಕರ ಕಂಪನಿಗೇ ಹೋಗಿ ಕೂರಬಹುದು. ಇನ್ನೊಂದು, ನಾಳೆ ಬೇರೆ ಕನ್ಸಲ್ಟೆನ್ಸಿಯವರೂ ಅದೇ ಜಾಗಕ್ಕೆ ಇವರ ಸಿವಿ ಕಳಿಸಿದರೆ, ಫೀಸು ಯಾರಿಗೆ ಅನ್ನುವ ತಕರಾರಿನಲ್ಲಿ ಕಂಪನಿ ಅಭ್ಯರ್ಥಿಯನ್ನೇ ಕೈಬಿಡುವುದುಂಟು.

ಹಾಗಾಗಿ ಎರಡನೆಯ ಉತ್ತರ: "ನಿಮ್ಮ ಕಷ್ಟ ಅರ್ಥವಾಗುತ್ತದೆ. ಹೆಸರು ಬೇಡ, ಉತ್ಪನ್ನ, ಜಾಗ, ಸಂಬಳದ ಮಿತಿ ಹೇಳಿ ಸಾಕು. ಸಿವಿ ಕಳಿಸುವ ಮೊದಲು ಹೆಸರು ಬೇಕು. ನನ್ನ ಬರಹದ ಒಪ್ಪಿಗೆ ಇಲ್ಲದೆ ಯಾವ ಕಂಪನಿಗೂ ನನ್ನ ವಿವರ ಕಳಿಸಬೇಡಿ." ಬರಹದಲ್ಲಿ ಕೇಳಿದ್ದನ್ನು ಎಲ್ಲ ರಿಕ್ರೂಟರ್‌ಗಳೂ ಪಾಲಿಸುತ್ತಾರೆ ಅಂತ ನಾನು ಹೇಳಲಾರೆ. ಸಿವಿ ಅವರ ಕೈಗೆ ಹೋಗಿಲ್ಲ ಅನ್ನುವುದೇ ನಿಜವಾದ ರಕ್ಷಣೆ.

ಈ ನಡುವೆ ಮಹಾಂತೇಶ ಹುರುಪಿನಲ್ಲಿ ಲಿಂಕ್ಡ್‌ಇನ್‌ನಲ್ಲಿ "ಓಪನ್ ಟು ವರ್ಕ್" ಆನ್ ಮಾಡಲು ಹೊರಟಿದ್ದರು, ರಿಕ್ರೂಟರ್‌ಗಳಿಗೆ ಮಾತ್ರ ಕಾಣುವ ಹಾಗೆ. ಬೇಡ ಅಂದೆ. ಈಗಿನ ಕಂಪನಿಯ ರಿಕ್ರೂಟರ್‌ಗಳಿಂದ ಅದನ್ನು ಮರೆಮಾಡಲು ಲಿಂಕ್ಡ್‌ಇನ್ ಪ್ರಯತ್ನಿಸುತ್ತದೆ, ಆದರೆ ಪೂರ್ತಿ ಗ್ಯಾರಂಟಿ ಕೊಡುವುದಿಲ್ಲ, ಹಾಗಂತ ಅದೇ ಹೇಳುತ್ತದೆ. ಇಷ್ಟು ಭಯ ಇಟ್ಟುಕೊಂಡವರಿಗೆ ಅದು ಯಾಕೆ?

ರಿಕ್ರೂಟರ್ ಒಮ್ಮೆ ಶಿಫ್ಟ್ ನಡೆಯುವಾಗಲೇ ಫೋನ್ ಮಾಡಿದರು. ಇವರು ಹೈಡ್ರೋ ಟೆಸ್ಟ್ ಬೆಂಚ್ ಹತ್ತಿರ ನಿಂತಿದ್ದರು, ಪಕ್ಕದಲ್ಲಿ ಸೂಪರ್‌ವೈಸರ್. "ಸಂಜಿ ಏಳರ ಮ್ಯಾಲ ಮಾತಾಡೋಣ್ರಿ" ಅಂತ ಇಟ್ಟರು, ಸರಿಯಾಗಿಯೇ ಮಾಡಿದರು. ಸಂಜೆಯ ಕರೆಯಲ್ಲಿ ಈಗಿನ ಸಂಬಳ ಎಷ್ಟು ಅಂತ ಮತ್ತೆ ಮತ್ತೆ ಕೇಳಿದರಂತೆ. ಇವರು "ಪುಣೆಗೆ 16 ಅಂತ ಬರದೀನಲ್ರಿ, ಅದಕ್ಕ ಹೊಂದತದ ಅಂದ್ರ ಉಳಿದದ್ದು ಹೇಳ್ತೀನಿ" ಅಂದಿದ್ದಾರೆ. ಆಗ ಮಿತಿ ಹೊರಬಂತು: 10ರಿಂದ 12 ಲಕ್ಷ, ಪುಣೆ ಹತ್ತಿರದ ಚಾಕಣ.

ಹತ್ತಿರವೂ ಇಲ್ಲ. ಬೇಡ ಅನ್ನಲು ಅವರಿಗೆ ಈಗ ಸಂಕೋಚ ಇರಲಿಲ್ಲ, ಕಾರಣ ಅಂಕಿಯಲ್ಲೇ ಇತ್ತು. ಅವರು ಬರೆದದ್ದು: "ಈ ಮಿತಿಯಲ್ಲಿ ಪುಣೆಗೆ ನನಗೆ ಆಗುವುದಿಲ್ಲ. ಹುಬ್ಬಳ್ಳಿ, ಧಾರವಾಡ, ಬೆಳಗಾವಿಯಲ್ಲಿ 11ರ ಮೇಲೆ ಏನಾದರೂ ಬಂದರೆ ದಯವಿಟ್ಟು ತಿಳಿಸಿ." ಇದನ್ನು ಓದಿದ ರಿಕ್ರೂಟರ್‌ಗೆ ಮುಂದೆ ಯಾವ ಜಾಗಕ್ಕೆ ಇವರನ್ನು ಕೇಳಬೇಕು, ಯಾವುದಕ್ಕೆ ಕೇಳಬಾರದು ಅಂತ ಗೊತ್ತಾಗುತ್ತದೆ. "ಸದ್ಯಕ್ಕೆ ಬೇಡ, ಮುಂದೆ ನೋಡೋಣ" ಅಂದಿದ್ದರೆ ಗೊತ್ತಾಗುತ್ತಿರಲಿಲ್ಲ.

ರಿಕ್ರೂಟರ್ "ನೋಟೆಡ್, ಥ್ಯಾಂಕ್ಸ್" ಅಂತ ಉತ್ತರಿಸಿ, ನಿಮ್ಮ ಪರಿಚಯದಲ್ಲಿ ಯಾರಾದರೂ ಇದ್ದರೆ ನಂಬರ್ ಕೊಡಿ ಅಂದರು. ಮಹಾಂತೇಶರ ಹಳೆಯ ಸಹಪಾಠಿ ಒಬ್ಬರು, ಮದುವೆಯಾಗದವರು, ಪುಣೆಗೆ ಹೋಗಲು ಕಾಯುತ್ತಿದ್ದರು. ನಂಬರ್ ಕೊಡಬೇಡಿ, ಗೆಳೆಯನಿಗೆ ಮೆಸೇಜ್ ಫಾರ್ವರ್ಡ್ ಮಾಡಿ, ಬೇಕಿದ್ದರೆ ಅವರೇ ಬರೆಯಲಿ ಅಂದೆ. ಹಾಗೇ ಮಾಡಿದರು. ಗೆಳೆಯ ಈಗ ಎರಡನೇ ಸುತ್ತಿನ ಸಂದರ್ಶನಕ್ಕೆ ಹೋಗಿ ಬಂದಿದ್ದಾರೆ.