ಲೆಕ್ಕದಿಂದ ಕೈಬಿಟ್ಟ ಆ ಮೂವರು

"ನಾನು ಒಂದು ಸಣ್ಣ ಮಾಸಪತ್ರಿಕೆಯ ಚಂದಾ ವಿಭಾಗದಲ್ಲಿದ್ದೇನೆ. ಚಂದಾ ನಿಲ್ಲಿಸಿದ 20 ಮಂದಿಗೆ ಫೋನ್ ಮಾಡಿ ಕಾರಣ ಕೇಳಿದ ಅನುಭವವನ್ನು ಲೇಖನವಾಗಿಸಿದ್ದೇನೆ. ಪ್ರಕಟಣೆಗೆ ಯೋಗ್ಯವಲ್ಲದಿದ್ದರೆ ಎಲ್ಲಿ ತಪ್ಪಿದೆನೆಂದು ಮುಲಾಜಿಲ್ಲದೆ ತಿಳಿಸಿ."

ನಿಮ್ಮ ಭಾಷೆ ತಿಳಿಯಾಗಿದೆ. ಬಿಟ್ಟುಹೋದವರಿಗೆ ಫೋನ್ ಮಾಡುವ ಸಂಕೋಚವನ್ನೂ ಮೀರಿದ್ದೀರಿ. ಇಷ್ಟು ಹೇಳಿ, ಎರಡು ದಿನ ನನ್ನನ್ನು ಕಾಡಿದ ಸಾಲುಗಳಿಗೆ ಬರುತ್ತೇನೆ.

"ಬೆಲೆ ಹೆಚ್ಚೆನಿಸಿತೇ, ಇಲ್ಲ ಬೇರೆ ಕಾರಣವಿದೆಯೇ ಎಂದು ಕೇಳಿದೆ, 11 ಮಂದಿ ಬೆಲೆ ಎಂದರು" ಎಂದು ಬರೆದಿದ್ದೀರಿ. ಉತ್ತರವನ್ನು ನೀವೇ ಅವರ ಬಾಯಿಗೆ ಹಾಕಿದ್ದೀರಿ. ಪರಿಚಯವಿಲ್ಲದವರ ಮನಸ್ಸು ನೋಯಿಸದೆ ಫೋನ್ ಇಡಲು ಬೆಲೆಯಷ್ಟು ಅನುಕೂಲವಾದ ನೆಪ ಇನ್ನೊಂದಿಲ್ಲ. "ಕೊನೆಯದಾಗಿ ಯಾವ ಸಂಚಿಕೆಯನ್ನು ಓದಿದಿರಿ? ನಿಲ್ಲಿಸೋಣವೆಂದು ಮೊದಲು ಅನ್ನಿಸಿದಾಗ ಏನು ನಡೆದಿತ್ತು?" ಎಂದು ಕೇಳಿ ಸುಮ್ಮನಿದ್ದರೆ, ಐದು ನಿಮಿಷದೊಳಗೆ ಅಭಿಪ್ರಾಯದ ಬದಲು ಘಟನೆಯೊಂದು ಹೊರಬರುತ್ತದೆ.

ಈ ತಪ್ಪನ್ನು ನಾನೂ ಮಾಡಿದ್ದೇನೆ. ವಾರಪತ್ರಿಕೆಯೊಂದರ ಪ್ರಸರಣ ವಿಭಾಗದಲ್ಲಿ ಕೆಲಸ ಕಲಿಯುತ್ತಿದ್ದ ಕಾಲದಲ್ಲಿ, ಚಂದಾ ನವೀಕರಿಸದವರ ಮನೆಗೆ ಹೋಗಿ ಕಾರಣ ಬರೆದುಕೊಂಡು ಬರುವ ಕೆಲಸ ನನ್ನದಾಗಿತ್ತು. ನಿವೃತ್ತ ಮೇಷ್ಟ್ರೊಬ್ಬರು "ಪಿಂಚಣಿಯಲ್ಲಿ ನಿಭಾಯಿಸುವುದು ಕಷ್ಟ ಕಣಪ್ಪಾ" ಎಂದರು; ಜಗುಲಿಯಲ್ಲೇ ನಿಂತು ನೋಟ್‌ಬುಕ್ಕಿನಲ್ಲಿ "ಬೆಲೆ" ಎಂದು ಬರೆದೆ. ಕಾಫಿ ಕುಡಿಯಲು ಒಳಗೆ ಕರೆದಾಗ ಕಿಟಕಿಯ ಮೇಲೆ ನಮ್ಮ ಪತ್ರಿಕೆಯ ನಾಲ್ಕು ಪ್ರತಿಗಳು ಸುತ್ತಿದ ಕಾಗದವನ್ನೂ ಬಿಚ್ಚದೆ ಬಿದ್ದಿದ್ದವು. ಅಂಚೆ ಮೊಹರನ್ನು ನೋಡಿದೆ: ಪತ್ರಿಕೆ ಅಂಗಡಿಗೆ ಬಂದ ಮೂರನೆಯ ದಿನದ್ದು. "ಇದು ಬರುವಷ್ಟರಲ್ಲಿ ಮೂಲೆಯಂಗಡಿಯಲ್ಲೇ ಓದಿ ಮುಗಿಸಿರುತ್ತಾರೆ" ಎಂದು ಅವರ ಹೆಂಡತಿ ನಕ್ಕರು. ಏಜೆಂಟರ ಕಟ್ಟುಗಳೆಲ್ಲ ಹೊರಟ ಮೇಲಷ್ಟೇ ನಾವು ಚಂದಾದಾರರ ಪ್ರತಿಗಳಿಗೆ ಕೈ ಹಾಕುತ್ತಿದ್ದೆವು. ತಪ್ಪು ನಮ್ಮದೇ ಮೇಜಿನ ಮೇಲಿತ್ತು.

ಆ ನಂತರ ನಮ್ಮ ವ್ಯವಸ್ಥಾಪಕರು ಒಂದು ತಾಲ್ಲೂಕಿನ ಚಂದಾ ಪ್ರತಿಗಳನ್ನು ಮಾತ್ರ ಮೊದಲು ಕಟ್ಟಿಸಿ, ಪಕ್ಕದ ತಾಲ್ಲೂಕನ್ನು ಹಳೆಯ ಕ್ರಮದಲ್ಲೇ ಬಿಟ್ಟು, ಎರಡೂ ಕಡೆಯ ನವೀಕರಣಗಳನ್ನು ವರ್ಷವಿಡೀ ಹೋಲಿಸಿದರು. ನಿಮ್ಮ "ರಿಯಾಯಿತಿ ನೀಡಿದ್ದರಿಂದ ಆರು ಮಂದಿ ಮರಳಿದರು" ಎಂಬ ಸಾಲಿನಲ್ಲಿ ಇಲ್ಲದಿರುವುದು ಆ ಪಕ್ಕದ ತಾಲ್ಲೂಕು. 11 ಮಂದಿಗೂ ರಿಯಾಯಿತಿ ಕೊಟ್ಟಿದ್ದೀರಿ. ಬರಿಯ ಫೋನ್ ಕರೆಗೇ ಎಷ್ಟು ಮಂದಿ ಮರಳುತ್ತಿದ್ದರೆಂದು ತಿಳಿಯುವ ದಾರಿಯನ್ನು ಮುಚ್ಚಿಕೊಂಡಿದ್ದೀರಿ. ಮುಂದಿನ ವರ್ಷ ಪೂರ್ತಿ ಬೆಲೆ ಕೇಳಿದಾಗ ಅವರಲ್ಲಿ ಎಷ್ಟು ಮಂದಿ ಉಳಿಯುತ್ತಾರೆಂಬುದೂ ಈಗ ಗೊತ್ತಾಗದು.

ನನಗೆ ನಿಜಕ್ಕೂ ಸಿಟ್ಟು ಬಂದದ್ದು ಇನ್ನೊಂದು ಸಾಲಿಗೆ: "ಮೂವರು ತಾವು ಚಂದಾ ನಿಲ್ಲಿಸಿಯೇ ಇಲ್ಲವೆಂದು ವಾದಿಸಿದ್ದರಿಂದ ಅವರನ್ನು ಲೆಕ್ಕದಿಂದ ಕೈಬಿಟ್ಟೆ." ಇಡೀ ಲೇಖನದಲ್ಲಿ ಹೊಸದೇನಾದರೂ ಇದ್ದರೆ ಅದು ಈ ಮೂವರು! ನಿಮ್ಮ ಪತ್ರಿಕೆಗೆ ಕಾರ್ಡಿನ ಮೂಲಕ ತಾನಾಗಿಯೇ ಹಣ ಕಡಿತವಾಗುವ ಏರ್ಪಾಡಿದೆಯೆಂದು ನೀವೇ ಬರೆದಿದ್ದೀರಿ. ರಿಸರ್ವ್ ಬ್ಯಾಂಕಿನ ನಿಯಮದಂತೆ 2021ರ ಅಕ್ಟೋಬರ್ 1ರಿಂದ ಇಂಥ ಕಡಿತಕ್ಕೆ ಗ್ರಾಹಕರು ಒಟಿಪಿಯಂಥ ಹೆಚ್ಚುವರಿ ದೃಢೀಕರಣದ ಮೂಲಕ ಮೊದಲೇ ಅನುಮತಿ ನೋಂದಾಯಿಸಿರಬೇಕು. ಹಣ ಕಡಿಯುವ ಕನಿಷ್ಠ 24 ಗಂಟೆ ಮೊದಲು ಅವರಿಗೆ ಸೂಚನೆಯೂ ಹೋಗಬೇಕು. ಕಾರ್ಡಿನ ಅವಧಿ ಮುಗಿದರೆ, ಕಾರ್ಡು ಬದಲಾದರೆ, ಅಥವಾ ಆ ದಿನ ಖಾತೆಯಲ್ಲಿ ಹಣವಿಲ್ಲದಿದ್ದರೆ ಪಾವತಿ ವಿಫಲವಾಗಬಹುದು. ಓದುಗರಿಗೆ ಅದರ ಅರಿವೇ ಇರುವುದಿಲ್ಲ, ನಿಮ್ಮ ಪಟ್ಟಿಯಲ್ಲಿ ಮಾತ್ರ ಅವರು "ಬಿಟ್ಟವರು".

ಇವರಿಗೆ "ಏಕೆ ಬಿಟ್ಟಿರಿ" ಎಂಬ ಪ್ರಶ್ನೆಯೇ ಅಸಂಬದ್ಧ. ಫೋನ್ ಎತ್ತಿಕೊಳ್ಳುವ ಮೊದಲು ಪಾವತಿ ಗೇಟ್‌ವೇಯ ವಿಫಲ ವಹಿವಾಟುಗಳ ಪಟ್ಟಿಯನ್ನು ಚಂದಾ ಪಟ್ಟಿಯೊಂದಿಗೆ ತಾಳೆ ನೋಡಿ, ತಾವಾಗಿ ನಿಲ್ಲಿಸಿದವರನ್ನೂ ಹಣ ಸಂದಾಯವಾಗದೆ ನಿಂತುಹೋದವರನ್ನೂ ಬೇರ್ಪಡಿಸಬೇಕಿತ್ತು. ಎರಡನೆಯವರಿಗೆ ರಿಯಾಯಿತಿ ಬೇಕಿಲ್ಲ. ಪಾವತಿ ವಿಫಲವಾದ ದಿನವೇ ಹಣ ಕಟ್ಟುವ ಕೊಂಡಿಯೊಂದಿಗೆ ಒಂದು ಸಂದೇಶ, ವಾರ ಬಿಟ್ಟು ಒಂದು ಫೋನ್ ಕರೆ, ಅಷ್ಟರವರೆಗೆ ತಪ್ಪದೆ ಒಂದು ಸಂಚಿಕೆ ಸಾಕು. ಬೆಲೆಯೆಂದ ಆ 11 ಮಂದಿಯಲ್ಲೂ ಇಂಥವರು ಇರಬಹುದು. ನಿಂತೇಹೋಗಿದೆಯೆಂದು ಫೋನಿನಲ್ಲಿ ತಿಳಿದಾಗ, "ಹೋಗಲಿ ಬಿಡಿ, ಬೆಲೆಯೂ ಜಾಸ್ತಿ" ಎಂದುಬಿಡುವುದು ಸಹಜ.

ಲೇಖನವನ್ನು ಈಗಿರುವಂತೆ ಪ್ರಕಟಿಸಲಾರೆ. ಪಾವತಿ ಪಟ್ಟಿಯನ್ನು ಪಕ್ಕದಲ್ಲಿಟ್ಟುಕೊಂಡು ಆ ಮೂವರಿಗೆ ಮತ್ತೆ ಫೋನ್ ಮಾಡಿ, ಅವರ ಮಾತನ್ನು ಅವರದೇ ಪದಗಳಲ್ಲಿ ಬರೆದು ಕಳುಹಿಸಿ. ಕಾರಣಗಳ ಕೋಷ್ಟಕ ಬೇಡ.