ಆಫೀಸ್ ಅವರ್ಸ್‌ಗೆ ಅರ್ಧ ಬರೆದ ಹಾಳೆ ಹಿಡಿದೇ ಹೋಗಿ

ಪ್ರಶ್ನೆ: ಅಮೆರಿಕದಲ್ಲಿ ಎಂಎಸ್ ಶುರುವಾಗಿ ಎರಡು ವಾರ ಆಯ್ತು. ಊರಲ್ಲಿ ಮೇಷ್ಟ್ರು ಹೇಳೋದು, ನಾವು ಬರ್ಕೊಳ್ಳೋದು ಅಷ್ಟೇ ಇತ್ತು. ನನ್ನ ಇಂಗ್ಲಿಷ್ ಸುಮಾರು. ಅದು ಸುಧಾರಿಸೋವರೆಗೂ ಕ್ಲಾಸಲ್ಲಿ, ಗ್ರೂಪಲ್ಲಿ ಸುಮ್ನಿದ್ದು, ಆಫೀಸ್ ಅವರ್ಸ್‌ಗೆ ಆಮೇಲೆ ಹೋದ್ರೆ ಆಗಲ್ವಾ?

ಆಗಲ್ಲ. ನಾನು ಹಾಗೇ ಕಾದೆ, ಒಂದು ಸೆಮಿಸ್ಟರ್ ಕೈಬಿಟ್ಟು ಹೋಯಿತು.

ಹಾಸನದ ಕಡೆ ಇಂಜಿನಿಯರಿಂಗ್ ಮುಗಿಸಿ ಹೋದವನು ನಾನು. ಸಿಲಬಸ್ ಹಾಳೆಯಲ್ಲಿ ಆಫೀಸ್ ಅವರ್ಸ್ ಮಂಗಳವಾರ 3ರಿಂದ 4 ಅಂತ ಇತ್ತು. ಆ ಹೊತ್ತಿನಲ್ಲಿ ಪ್ರೊಫೆಸರ್ ತಮ್ಮ ಕೆಲಸದಲ್ಲಿರುತ್ತಾರೆ, ಹೋಗಿ ತೊಂದರೆ ಕೊಡಬಾರದು ಅಂದುಕೊಂಡೆ. ವಿಷಯ ಪೂರ್ತಿ ಉಲ್ಟಾ. ಆ ಒಂದು ಗಂಟೆ ವಿದ್ಯಾರ್ಥಿಗಳಿಗೆಂದೇ ಎತ್ತಿಟ್ಟದ್ದು. ಅವರ ಕೋರ್ಸಿಗೆ ನೆರವಾಗುವ ವಿದ್ಯಾರ್ಥಿಗಳು, ಅಂದರೆ ಟಿಎಗಳು, ಕೂರುವ ಹೊತ್ತು ಬೇರೆ ಇರುತ್ತದೆ. ಸಾಮಾನ್ಯವಾಗಿ ಮೊದಲೇ ಕೇಳಿಕೊಂಡು ಹೋಗಬೇಕಾಗಿಯೂ ಇಲ್ಲ.

ನನಗೆ ಹೊಡೆತ ಕೊಟ್ಟದ್ದು ಆಲ್ಗಾರಿದಮ್ಸ್ ಕೋರ್ಸ್. ಮೊದಲ ಹೋಂವರ್ಕಿನ ಲೆಕ್ಕ ಹೀಗಿತ್ತು: ಒಂದೇ ಒಂದು ಹಾಲ್ ಇದೆ, ಅದನ್ನು ಕೇಳಿದ ಕಾರ್ಯಕ್ರಮಗಳು ಹಲವು. ಒಂದರ ಹೊತ್ತು ಇನ್ನೊಂದಕ್ಕೆ ಅಡ್ಡ ಬರದಂತೆ ಆದಷ್ಟು ಜಾಸ್ತಿ ಕಾರ್ಯಕ್ರಮ ಆರಿಸಬೇಕು. ಬೇಗ ಮುಗಿಯುವುದನ್ನು ಮೊದಲು ಆರಿಸುತ್ತಾ ಹೋಗುವ ಕ್ರಮ ಸರಿ ಎಂದು ಸಾಧಿಸಿ. ನಾನು ಆರು ಕಾರ್ಯಕ್ರಮ ಇಟ್ಟುಕೊಂಡು, ಪಟ್ಟಿ ಹಾಕಿ, ಹಂತ ಹಂತವಾಗಿ ಬಿಡಿಸಿ ತೋರಿಸಿದೆ. ಊರಲ್ಲಿ ಹಾಗೆ ಬರೆದರೆ ಪೂರ್ತಿ ಅಂಕ ಸಿಗುತ್ತಿತ್ತು. ಇಲ್ಲಿ 20ಕ್ಕೆ 8 ಬಂತು. ಪಕ್ಕದಲ್ಲಿ ಒಂದೇ ಸಾಲು: "ಇದು ಉದಾಹರಣೆ, ಪ್ರೂಫ್ ಅಲ್ಲ."

ಆ ಸಾಲು ನನಗೆ ಅರ್ಥವಾಗಲಿಲ್ಲ. ಉದಾಹರಣೆ ಚಿಕ್ಕದಾಯಿತು ಅಂತ ತಿಳಿದೆ. ಎರಡನೇ ಹೋಂವರ್ಕಿನಲ್ಲಿ ಇದೇ ತರಹದ ಇನ್ನೊಂದು ಲೆಕ್ಕಕ್ಕೆ ಹನ್ನೆರಡು ಸಾಲಿನ ಉದಾಹರಣೆ ಬರೆದೆ. ಮತ್ತೆ 8. ಮೂರನೆಯದಕ್ಕೆ ನಾಲ್ಕು ಪುಟ ಬರೆದೆ, ಅದೇ ಗತಿ. ಮಿಡ್‌ಟರ್ಮಿನಲ್ಲೂ ಅದೇ ತಪ್ಪು. ಗಮನಿಸಿ, ನನಗೆ ಗೊತ್ತಿಲ್ಲದೇ ಇದ್ದದ್ದು ಒಂದೇ ಒಂದು ವಿಷಯ. ಅದನ್ನು ಯಾರನ್ನೂ ಕೇಳದೆ ಎಂಟು ವಾರ ಹೊತ್ತುಕೊಂಡು ತಿರುಗಿದೆ. ಪೂರ್ತಿ ಅರ್ಥ ಮಾಡಿಕೊಂಡ ಮೇಲೆ ಹೋಗೋಣ, ಅರ್ಧಂಬರ್ಧ ತೋರಿಸಿದರೆ ದಡ್ಡ ಅಂದುಕೊಳ್ಳುತ್ತಾರೆ ಅನ್ನೋದೇ ತಲೆಯಲ್ಲಿತ್ತು.

ಮಿಡ್‌ಟರ್ಮ್ ಆದ ಮೇಲೆ ಟಿಎ ಹತ್ತಿರ ಹೋದೆ. ಮಾತು ಜಾಸ್ತಿ ಬರಲಿಲ್ಲ. ಹಾಳೆ ಮುಂದಿಟ್ಟು ಆ ಸಾಲಿನ ಮೇಲೆ ಬೆರಳಿಟ್ಟೆ. ಅವರು ಹೇಳಿದ್ದು ಇಷ್ಟೇ: "ಬೇರೆ ಯಾರೋ ಎಲ್ಲಕ್ಕಿಂತ ಒಳ್ಳೆಯ ಪಟ್ಟಿ ಮಾಡಿದ್ದಾರೆ ಅಂದುಕೊಳ್ಳಿ. ಅದರ ಮೊದಲ ಕಾರ್ಯಕ್ರಮ ತೆಗೆದು ನಿಮ್ಮ ಮೊದಲನೆಯದನ್ನು ಇಡಿ. ನಿಮ್ಮದು ಇನ್ನೂ ಬೇಗ ಮುಗಿಯುತ್ತೆ, ಅಥವಾ ಅದೇ ಹೊತ್ತಿಗೆ. ಮುಂದಿನದಕ್ಕೆ ಅಡ್ಡ ಬರುತ್ತಾ? ಎಣಿಕೆ ಕಡಿಮೆ ಆಯಿತಾ?" ಎರಡೂ ಇಲ್ಲ. ಹೀಗೇ ಒಂದೊಂದಾಗಿ ಬದಲಿಸುತ್ತಾ ಹೋದರೆ ಅವರ ಪಟ್ಟಿ ನನ್ನ ಪಟ್ಟಿಯೇ ಆಗುತ್ತದೆ, ಎಣಿಕೆ ಮಾತ್ರ ಕುಗ್ಗಲ್ಲ. ಯಾವ ಪಟ್ಟಿ ತಂದರೂ ಈ ಮಾತು ನಿಲ್ಲುತ್ತದೆ, ಪ್ರೂಫ್ ಅಂದರೆ ಅದು. ಹತ್ತೇ ನಿಮಿಷದ ಮಾತು. ಆದರೆ ಕೋರ್ಸಿಗೆ ಬಿ ಮೈನಸ್, ಅಂದರೆ 4ಕ್ಕೆ 2.7 ಬಂತು. ನಮ್ಮ ವಿಭಾಗದಲ್ಲಿ ಸರಾಸರಿ 3.0 ಇರಲೇಬೇಕಿತ್ತು. ಮುಂದಿನ ಸೆಮಿಸ್ಟರ್ ಪೂರ್ತಿ ಆ ಸರಾಸರಿ ಏರಿಸುವುದೇ ಆಯಿತು.

ಅದಕ್ಕೇ ಹೇಳುತ್ತೇನೆ, ಇದು ಇಂಗ್ಲಿಷಿನ ಸಮಸ್ಯೆಯೇ ಅಲ್ಲ. ಹಾಳೆ ಇದ್ದರೆ ಅರ್ಧ ಮಾತು ಅದೇ ಆಡುತ್ತದೆ. ಹೋಂವರ್ಕ್ ಕೊಟ್ಟ ಮರುದಿನ ಅರ್ಧ ಗಂಟೆ ಕೂತು, ಎಲ್ಲಿ ನಿಂತಿತೋ ಅಲ್ಲಿ ಗೆರೆ ಎಳೆಯಿರಿ. "ಇಲ್ಲಿವರೆಗೂ ಬಂದೆ, ಈ ಹೆಜ್ಜೆ ಯಾಕೆ ಸಾಲದು?" ಅಂತ ಕೇಳಿ. "ಏನೂ ಅರ್ಥ ಆಗಲಿಲ್ಲ" ಅಂದರೆ ಅವರಿಗೂ ಎಲ್ಲಿಂದ ಶುರು ಮಾಡಬೇಕು ಅಂತ ತಿಳಿಯಲ್ಲ. ಕೊಡಬೇಕಾದ ಹಿಂದಿನ ದಿನ ಹೋಗಬೇಡಿ, ಬಾಗಿಲ ಹೊರಗೆ ಸಾಲು ನಿಂತಿರುತ್ತದೆ.

ಕ್ಲಾಸಿನಲ್ಲಿ "ಪ್ರಶ್ನೆ ಇದೆಯಾ?" ಅಂದರೆ ನಮ್ಮಲ್ಲಿ ಪಾಠ ಮುಗಿಯಿತು ಅಂತ ಅರ್ಥ, ಅಲ್ವಾ? ಅಲ್ಲಿ ನಿಜವಾಗಿ ಕೇಳುತ್ತಾರೆ, ಕಾಯುತ್ತಾರೆ. "ಮೂರನೇ ಸಾಲಿನಿಂದ ನಾಲ್ಕನೆಯದು ಹೇಗೆ ಬಂತು?" ಇಷ್ಟು ಇಂಗ್ಲಿಷ್ ನಿಮಗೆ ಖಂಡಿತ ಬರುತ್ತೆ.

ಗ್ರೂಪಿನಲ್ಲೂ ನನ್ನ ತಪ್ಪು ಇದೇ. ನಾವು ನಾಲ್ವರು: ಚೀನಾದವರೊಬ್ಬರು, ಬ್ರೆಜಿಲಿನವರೊಬ್ಬರು, ಟೆಕ್ಸಾಸಿನ ಹುಡುಗ, ನಾನು. ಡೇಟಾಬೇಸ್ ಭಾಗ ನೀನು ಮಾಡ್ತೀಯಾ ಅಂದಾಗ ತಲೆ ಆಡಿಸಿದೆ. ಕೇಳಿಸಿಕೊಂಡೆ ಅನ್ನೋದಷ್ಟೇ ನನ್ನ ಅರ್ಥ. ಅವರು ಒಪ್ಪಿಕೊಂಡ ಅಂತ ತಿಳಿದರು. ಕೆಲಸ ಮಾಡುತ್ತಲೇ ಇದ್ದೆ, ಆದರೆ ಮುಗಿಸಿಯೇ ತೋರಿಸೋಣ ಅಂತ ಎರಡು ವಾರ ಸುಮ್ಮನಿದ್ದೆ. ಇವನು ಏನೂ ಮಾಡುತ್ತಿಲ್ಲ ಅಂದುಕೊಂಡು ಅವರೇ ಆ ಭಾಗ ಬರೆದುಬಿಟ್ಟರು. ಕೊನೆಯಲ್ಲಿ ಜೊತೆಗಾರರು ಒಬ್ಬರಿಗೊಬ್ಬರು ಅಂಕ ಕೊಡುವುದಿತ್ತು, ಅಲ್ಲೂ ಕಡಿಮೆಯಾಯಿತು.

ಮುಂದಿನ ಪ್ರಾಜೆಕ್ಟಿನಲ್ಲಿ ಮೀಟಿಂಗ್ ಮುಗಿಯುವ ಮೊದಲೇ ಯಾರದು ಯಾವ ಕೆಲಸ, ಯಾವ ದಿನಕ್ಕೆ ಅಂತ ಎಲ್ಲರೂ ನೋಡುವ ಡಾಕ್ಯುಮೆಂಟಿನಲ್ಲಿ ನಾನೇ ಬರೆದೆ. ಪ್ರತಿ ಗುರುವಾರ ನನ್ನ ಅರ್ಧ ಕೆಲಸ ಅಲ್ಲಿಗೆ ಹಾಕಿ, ಕೆಳಗೆ "ಇಲ್ಲಿ ಸಿಕ್ಕಿಕೊಂಡಿದ್ದೇನೆ" ಅಂತ ಒಂದು ಸಾಲು ಸೇರಿಸುತ್ತಿದ್ದೆ. ಆ ಗ್ರೂಪಿನಲ್ಲಿ ಮೀಟಿಂಗಲ್ಲಿ ನನಗಿಂತ ಕಡಿಮೆ ಮಾತಾಡುವ ಹುಡುಗಿಯೊಬ್ಬಳಿದ್ದಳು. ಮೊದಲ ಗುರುವಾರ ರಾತ್ರಿಯೇ ಆ ಸಾಲಿನ ಕೆಳಗೆ ಅವಳ ಉತ್ತರ ಬಂದಿತ್ತು. ಅದರ ಕೆಳಗೆ ಅವಳದೇ ಒಂದು ಪ್ರಶ್ನೆ.