ಹೊಲಿಗೆ ಅಂಗಡಿಯ ಕಿರು ವಿಡಿಯೊಗೆ ಮೊದಲ ಸಾಲು

ಪ್ರಶ್ನೆ: ನಮ್ಮದು ಬಟ್ಟೆ ಹೊಲಿಯುವ, ಆಲ್ಟರೇಶನ್ ಮಾಡುವ ಸಣ್ಣ ಅಂಗಡಿ. ಕಿರು ವಿಡಿಯೊದ ಮೊದಲ ಸಾಲು ಹೇಗಿರಬೇಕು?

ಅಂಗಡಿಯ ಹೆಸರು, ಸ್ವಾಗತ ಎರಡನ್ನೂ ಕೊನೆಗೆ ಇಟ್ಟುಕೊಳ್ಳಿ. ನೋಡುವವರ ಕಪಾಟಿನಲ್ಲಿ ಸುಮ್ಮನೆ ಬಿದ್ದಿರುವ ಒಂದು ಬಟ್ಟೆ, ಅದರ ಒಂದೇ ತೊಂದರೆ, ಇಷ್ಟರಿಂದ ಆರಂಭಿಸಿ. "ಎಲ್ಲ ಬಗೆಯ ಆಲ್ಟರೇಶನ್ ಮಾಡಿಕೊಡುತ್ತೇವೆ" ಎಂದರೆ ಯಾರಿಗೂ ತಮ್ಮ ಬಟ್ಟೆ ನೆನಪಾಗುವುದಿಲ್ಲ.

ಸೊಂಟ ಬಿಗಿಯಾದ ಪ್ಯಾಂಟನ್ನೇ ತೆಗೆದುಕೊಳ್ಳಿ. ನಾನಾದರೆ ಹೀಗೆ ಬರೆಯುತ್ತೇನೆ: "ಗುಂಡಿ ಹಾಕಲು ಉಸಿರು ಬಿಗಿಹಿಡಿಯಬೇಕೇ? ಪ್ಯಾಂಟಿನ ಹಿಂಭಾಗವನ್ನು ಒಳಗಿನಿಂದ ತಿರುಗಿಸಿ ನೋಡಿ." ಈ ಮಾತಿನ ಜೊತೆಯಲ್ಲೇ ಕ್ಯಾಮೆರಾ ಹಿಂಭಾಗದ ನಡುವಿನ ಹೊಲಿಗೆಗೆ ಹತ್ತಿರ ಹೋಗಲಿ, ಅಲ್ಲಿ ಮಡಚಿಟ್ಟಿರುವ ಹೆಚ್ಚುವರಿ ಬಟ್ಟೆಯನ್ನು ಬೆರಳು ಬಿಡಿಸಿ ತೋರಿಸಲಿ. ನೋಡುವವರು ಎದ್ದು ಹೋಗಿ ತಮ್ಮ ಪ್ಯಾಂಟನ್ನೂ ತಿರುಗಿಸಿ ನೋಡಿದರೆ ಸಾಲು ಗೆದ್ದಂತೆ. ಅದೇ ಸಾಲನ್ನು ಪರದೆಯ ಮೇಲೆ ದೊಡ್ಡ ಅಕ್ಷರದಲ್ಲೂ ಹಾಕಿ, ಧ್ವನಿ ಮುಚ್ಚಿಟ್ಟು ನೋಡುವವರು ಬಹಳ ಮಂದಿ.

ಒಂದು ಎಚ್ಚರಿಕೆ. "ಯಾವ ಪ್ಯಾಂಟನ್ನಾದರೂ ಸಡಿಲ ಮಾಡುತ್ತೇವೆ" ಎಂದು ಬರೆಯಬೇಡಿ. ಸಿದ್ಧ ಉಡುಪುಗಳಲ್ಲಿ ಎಷ್ಟೋ ಸಲ ಒಳಗೆ ಬಟ್ಟೆಯನ್ನೇ ಬಿಟ್ಟಿರುವುದಿಲ್ಲ. ಬಿಟ್ಟಿದ್ದರೂ ಬಣ್ಣ ಮಾಸಿದ ಬಟ್ಟೆಯಲ್ಲಿ ಹಳೆಯ ಹೊಲಿಗೆಯ ಗೆರೆ ಗಾಢವಾಗಿ ಉಳಿಯುತ್ತದೆ. "ಒಳಗೆ ಬಟ್ಟೆ ಇದ್ದರೆ ಸಡಿಲವಾಗುತ್ತದೆ" ಎಂಬ ಷರತ್ತನ್ನು ಎರಡನೆಯ ಸಾಲಿನಲ್ಲೇ ಹೇಳಿಬಿಡಿ, ಆಗ ಅಂಗಡಿಗೆ ಬಂದವರು ಬೇಸರದಿಂದ ಹಿಂದಿರುಗುವುದಿಲ್ಲ.

ಚೂಡಿದಾರದ ತೋಳಿಗೂ ಇದೇ ದಾರಿ: "ಕೈ ಎತ್ತಿದರೆ ಕಂಕುಳಲ್ಲಿ ಹಿಡಿಯುತ್ತದೆಯೇ?"